ಬೋನಸ್ ಎಷ್ಟಿದ್ದರೆ ಸರಿ? ಕಣ್ಣಿಗೆ ಕಾಣದ ದುಡಿಮೆಯ ಲೆಕ್ಕ

ದೀಪಾವಳಿ ಹತ್ತಿರವಾದರೆ ಕಾರ್ಖಾನೆಗಳಲ್ಲೂ ಅಂಗಡಿಗಳಲ್ಲೂ ಬೋನಸ್ಸಿನ ಮಾತು ಶುರುವಾಗುತ್ತದೆ. ಕಾನೂನು ಕನಿಷ್ಠ ಬೋನಸ್ಸನ್ನು ಶೇ. 8.33 ಎಂದು ಗೊತ್ತುಮಾಡಿದೆ. ಲೆಕ್ಕಕ್ಕೆ ಹಿಡಿಯುವ ವರ್ಷದ ವೇತನದಲ್ಲಿ ಇದು ಹನ್ನೆರಡನೇ ಒಂದು ಪಾಲು. ಕೆಲಸಗಾರ ಹೆಚ್ಚು ದುಡಿದನೋ ಕಡಿಮೆ ದುಡಿದನೋ ಎಂದು ನೋಡದೆ ಕೊಡಬೇಕಾದ ಹಣ ಇದು. ಆದ್ದರಿಂದಲೇ ಅದು ಅವನ ಹಕ್ಕು, ವೇತನದ್ದೇ ಒಂದು ಭಾಗ.

ಇನ್ನೊಂದು ಬಗೆಯ ಬೋನಸ್ ಇದೆ. ಸೇಲ್ಸ್‌ನವರು ಅದನ್ನು ಇನ್‌ಸೆಂಟಿವ್ ಎನ್ನುತ್ತಾರೆ. ಕೆಲಸ ಚೆನ್ನಾಗಿ ಆದರೆ ಸಿಗುತ್ತದೆ, ಆಗದಿದ್ದರೆ ಇಲ್ಲ. ಇದು ಎಷ್ಟಿರಬೇಕು ಎಂಬುದನ್ನು ನಮ್ಮಲ್ಲಿ ಬಹುಪಾಲು ಮಾಲೀಕರು ಅಂದಾಜಿನಲ್ಲೇ ತೀರ್ಮಾನಿಸುತ್ತಾರೆ. ಅಂದಾಜು ತಪ್ಪಿದರೆ ಹಣವೂ ಹೋಗುತ್ತದೆ, ಕೆಲಸವೂ ಆಗುವುದಿಲ್ಲ. ಇದನ್ನು ಅಂದಾಜಿಗೆ ಬಿಡಬೇಕಾಗಿಲ್ಲ, ಕೂಡು-ಕಳೆ ಬಲ್ಲ ಯಾರೂ ಹಾಕಬಹುದಾದ ಲೆಕ್ಕವೊಂದಿದೆ.

ದಾವಣಗೆರೆಯಲ್ಲಿ ಪಂಪ್‌ಸೆಟ್ ಮಾರುವ ಒಬ್ಬ ಡೀಲರ್ ಇದ್ದಾರೆ ಎಂದಿಟ್ಟುಕೊಳ್ಳಿ. ಹಳ್ಳಿ ಸುತ್ತಿ ಆರ್ಡರ್ ತರಲು ಒಬ್ಬ ಹುಡುಗನನ್ನು ಇಟ್ಟುಕೊಂಡಿದ್ದಾರೆ. ಅವನು ಮನಸ್ಸಿಟ್ಟು ದುಡಿದರೆ ಬೆಳಿಗ್ಗೆ ಆರಕ್ಕೇ ಬೈಕ್ ಹತ್ತುತ್ತಾನೆ. ರೈತರು ತೋಟಕ್ಕೆ ನೀರು ಬಿಡುವ ಹೊತ್ತಿಗೆ ಅಲ್ಲಿರುತ್ತಾನೆ, ಬೋರ್ ಎಷ್ಟು ಅಡಿ, ನೀರು ಎಷ್ಟು ಇಂಚು ಎಂದು ಕೇಳಿ ಬರೆದುಕೊಳ್ಳುತ್ತಾನೆ, ಮೋಟಾರ್ ಸುಟ್ಟವರ ಮನೆಗೆ ಅದೇ ದಿನ ಹೋಗುತ್ತಾನೆ. ಮನಸ್ಸಿಲ್ಲದಿದ್ದರೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ನಾಲ್ಕು ಫೋನ್ ಮಾಡಿ ಸಂಜೆಗೆ ಹಿಂದಿರುಗುತ್ತಾನೆ. ಎರಡು ದಿನವೂ ಸಂಜೆ ಅವನು ಹೇಳುವುದು ಒಂದೇ: “ಇವತ್ತು ಯಾರೂ ತಗೊಳ್ಳಲಿಲ್ಲ ಸಾರ್.” ಅದು ನಿಜವೂ ಇರಬಹುದು. ಮಳೆ ಚೆನ್ನಾಗಿ ಬಂದ ತಿಂಗಳು ಎಷ್ಟು ಸುತ್ತಿದರೂ ಮೋಟಾರ್ ಮಾರಾಟವಾಗುವುದಿಲ್ಲ. ಒಂದೊಂದು ತಿಂಗಳು ಕೂತಲ್ಲಿಗೇ ಆರ್ಡರ್ ಬರುತ್ತದೆ.

ಮಾಲೀಕರಿಗೆ ಕಾಣುವುದು ಮಾರಾಟ ಮಾತ್ರ, ಅದರ ಹಿಂದಿನ ದುಡಿಮೆ ಕಾಣುವುದಿಲ್ಲ. ದುಡಿಮೆಯ ಕಷ್ಟ ಒಬ್ಬರದು, ಅದರ ಲಾಭ ಇನ್ನೊಬ್ಬರದು. ಇಂಥ ಸ್ಥಿತಿಗೆ ಅರ್ಥಶಾಸ್ತ್ರದಲ್ಲಿ ನೈತಿಕ ಅಪಾಯ, ಮಾರಲ್ ಹಜಾರ್ಡ್ ಎಂಬ ಹೆಸರಿದೆ. ವಿಮೆಯವರ ಈ ಮಾತನ್ನು ಕೆನೆತ್ ಆರೋ 1963ರಲ್ಲಿ ವೈದ್ಯಕೀಯ ಸೇವೆಯ ಕುರಿತ ಲೇಖನದಲ್ಲಿ ಚರ್ಚೆಗೆ ತಂದರು. ಕಾಣದ ದುಡಿಮೆಗೆ ಕರಾರು ಹೇಗಿರಬೇಕು ಎಂಬುದನ್ನು ಬೆಂಟ್ ಹೋಮ್‌ಸ್ಟ್ರಾಮ್ 1979ರಲ್ಲಿ ಬಿಡಿಸಿ ತೋರಿಸಿದರು. 2016ರಲ್ಲಿ ಅವರಿಗೂ ಆಲಿವರ್ ಹಾರ್ಟ್ ಅವರಿಗೂ ನೊಬೆಲ್ ಬಂತು. ಕೆಲಸಗಾರ ಮೈಗಳ್ಳ ಎಂಬ ಆರೋಪ ಈ ಮಾತಿನಲ್ಲಿಲ್ಲ. ತನ್ನ ಶ್ರಮಕ್ಕೆ ಬೆಲೆ ಸಿಗದ ಕಡೆ ಯಾರೂ ಮೈ ಮುರಿದು ದುಡಿಯುವುದಿಲ್ಲ ಎಂಬುದಷ್ಟೇ ಇದರ ಅರ್ಥ.

ಈಗ ಅಂಕಿಗಳಿಗೆ ಬರೋಣ. ಎಲ್ಲವೂ ಲೆಕ್ಕದ ಅನುಕೂಲಕ್ಕೆ ಇಟ್ಟುಕೊಂಡವು. ಒಳ್ಳೆಯ ತಿಂಗಳಲ್ಲಿ ಹುಡುಗನ ಸಂಬಳ ಕಳೆಯುವ ಮೊದಲು ಮಾಲೀಕರಿಗೆ 60,000 ರೂಪಾಯಿ ಉಳಿಯುತ್ತದೆ, ಸಪ್ಪೆ ತಿಂಗಳಲ್ಲಿ 20,000. ಹುಡುಗ ಮನಸ್ಸಿಟ್ಟು ದುಡಿದರೆ ಹತ್ತು ತಿಂಗಳಲ್ಲಿ ಎಂಟು ಒಳ್ಳೆಯವಾಗುತ್ತವೆ. ದುಡಿಯದಿದ್ದರೆ ನಾಲ್ಕು. ಬಿಸಿಲಲ್ಲಿ ಸುತ್ತುವ ಆಯಾಸ ಅವನ ಮಟ್ಟಿಗೆ ತಿಂಗಳಿಗೆ 4,000 ರೂಪಾಯಿಗೆ ಸಮ, ಅಷ್ಟು ಸಿಗದೆ ಆ ಕಷ್ಟ ಪಡಲಾರ. ಬೇರೆ ಕಡೆ ನೆರಳಲ್ಲಿ ಕೂತು ಮಾಡುವ ಕೆಲಸಕ್ಕೆ ಹೋದರೆ ಅವನಿಗೆ 16,000 ಸಿಗುತ್ತದೆ.

ಮಾಲೀಕರು ಬರೀ 16,000 ಸಂಬಳ ಕೊಟ್ಟರೆ ಹುಡುಗನಿಗೆ ದುಡಿಯುವ ಕಾರಣವಿಲ್ಲ. ಹತ್ತು ತಿಂಗಳಲ್ಲಿ ನಾಲ್ಕು ಒಳ್ಳೆಯವು, ಆರು ಸಪ್ಪೆ: ಒಟ್ಟು 3,60,000. ಸಂಬಳದ 1,60,000 ಕಳೆದರೆ ಮಾಲೀಕರಿಗೆ 2,00,000 ಉಳಿಯುತ್ತದೆ.

ಇಲ್ಲಿ ಮಾಲೀಕರಿಗೆ ಮೊದಲು ಹೊಳೆಯುವ ಉಪಾಯ ಹೀಗಿರುತ್ತದೆ. ಹತ್ತು ತಿಂಗಳ ಶ್ರಮದ ಬೆಲೆ 40,000. ದುಡಿದರೆ ಎಂಟು ತಿಂಗಳು ಬೋನಸ್ ಸಿಗುತ್ತದೆ. 40,000ವನ್ನು ಎಂಟರಿಂದ ಭಾಗಿಸಿದರೆ 5,000. ಒಳ್ಳೆಯ ತಿಂಗಳಿಗೆ 5,000 ಕೊಟ್ಟರೆ ಅವನ ಶ್ರಮ ಪೂರ್ತಿ ತುಂಬಿಕೊಟ್ಟಂತಾಯಿತಲ್ಲ?

ಆಗಲಿಲ್ಲ. ಹುಡುಗನ ಕಡೆಯಿಂದ ನೋಡಿ. ದುಡಿದರೆ ಅವನಿಗೆ ಬೋನಸ್ 40,000 ಬರುತ್ತದೆ, ಶ್ರಮದ 40,000 ಅದರಲ್ಲೇ ಮುಗಿದು ಹೋಗುತ್ತದೆ. ದುಡಿಯದಿದ್ದರೂ ನಾಲ್ಕು ತಿಂಗಳು ಅದೃಷ್ಟದಿಂದ ಒಳ್ಳೆಯವಾಗುತ್ತವೆ, 20,000 ಸುಮ್ಮನೆ ಕೈಗೆ ಬರುತ್ತದೆ. ಹೋಟೆಲಿನಲ್ಲಿ ಕೂರುವುದೇ ಲಾಭ. ಮಾಲೀಕರಿಗೆ ಮಾರಾಟ ಹೆಚ್ಚಲಿಲ್ಲ, ಬೋನಸ್ ಮಾತ್ರ ಕೈಬಿಟ್ಟಿತು: 2,00,000 ಉಳಿಯುತ್ತಿದ್ದ ಕಡೆ 1,80,000. ಸಣ್ಣ ಬೋನಸ್ಸಿಗಿಂತ ಬೋನಸ್ ಇಲ್ಲದಿರುವುದೇ ವಾಸಿ ಎಂಬ ಮಾತು ಇಲ್ಲಿಂದ ಹುಟ್ಟುತ್ತದೆ.

ಉಪಾಯ ತಪ್ಪಿದ್ದು ಎಂಟರಿಂದ ಭಾಗಿಸಿದ್ದರಲ್ಲಿ. ಎಂಟರಲ್ಲಿ ನಾಲ್ಕು ತಿಂಗಳು ಹೇಗಿದ್ದರೂ ಒಳ್ಳೆಯವೇ ಆಗುತ್ತಿದ್ದವು. ಶ್ರಮ ತಂದುಕೊಟ್ಟದ್ದು ಉಳಿದ ನಾಲ್ಕನ್ನು ಮಾತ್ರ. ಶ್ರಮದ ಬೆಲೆ ಪೂರ್ತಿ ಆ ನಾಲ್ಕು ತಿಂಗಳ ಬೋನಸ್ಸಿನಿಂದಲೇ ಹುಟ್ಟಬೇಕು:

ಬೋನಸ್ × (8 − 4) ≥ 40,000

ಅಂದರೆ ಬೋನಸ್ ಕನಿಷ್ಠ 10,000. ಇದೇ ಪ್ರೋತ್ಸಾಹದ ಷರತ್ತು. ಈ ಮೊತ್ತದಲ್ಲಿ ದುಡಿಯುವುದೂ ದುಡಿಯದಿರುವುದೂ ಹುಡುಗನಿಗೆ ಸರಿಸಮ, ಒಂದಿಷ್ಟು ಮೇಲೆ ಸೇರಿಸಿದರೆ ಯಾರೂ ಕಾಯದಿದ್ದರೂ ಅವನ ಹಿತವೇ ಅವನನ್ನು ಹಳ್ಳಿಗೆ ಕರೆದೊಯ್ಯುತ್ತದೆ.

ಎರಡನೆಯ ಷರತ್ತು, ಅವನು ಕೆಲಸ ಬಿಟ್ಟು ಹೋಗದಂತಿರಬೇಕು. ಬೇರೆ ಕಡೆ ಹತ್ತು ತಿಂಗಳಿಗೆ 1,60,000 ಸಿಗುತ್ತದೆ. ಇಲ್ಲಿ ಶ್ರಮದ 40,000 ಸೇರಿ 2,00,000 ಸಿಗಬೇಕು. ಎಂಟು ಬೋನಸ್ಸಿನಿಂದ 80,000 ಬರುತ್ತದೆ. ಉಳಿದ 1,20,000ವನ್ನು ಸಂಬಳವಾಗಿ ಕೊಡಬೇಕು, ಅಂದರೆ ತಿಂಗಳಿಗೆ 12,000. ಈ ಕರಾರಿನಲ್ಲಿ ಮಾಲೀಕರ ಗಳಿಕೆ 5,20,000, ಖರ್ಚು 2,00,000, ಉಳಿಕೆ 3,20,000. ಬರೀ ಸಂಬಳದ ಕಾಲಕ್ಕಿಂತ 1,20,000 ಹೆಚ್ಚು.

ಕಾಗದದ ಮೇಲೆ ಇದು ಚೆಂದ. ಆದರೆ ಹುಡುಗ ಮನೆ ಬಾಡಿಗೆ ಕಟ್ಟಬೇಕು. ಒಂದು ತಿಂಗಳು 22,000, ಇನ್ನೊಂದು ತಿಂಗಳು 12,000 ಬಂದರೆ ಸಂಸಾರ ತೂಗುವುದು ಹೇಗೆ? ಮಳೆಯ ಏರುಪೇರನ್ನು ಮಾಲೀಕರು ಅವನ ತಲೆಗೆ ಕಟ್ಟುತ್ತಿದ್ದಾರೆ, ಅದಕ್ಕೆ ಅವನು ಒಂದಿಷ್ಟು ಹೆಚ್ಚು ಕೇಳಿದರೆ ನ್ಯಾಯವೇ. ಕಾನೂನಿನ ಕನಿಷ್ಠ ವೇತನವೂ ಇದೆ. ಸಂಬಳ 15,000ಕ್ಕಿಂತ ಕೆಳಗಿಳಿಯುವಂತಿಲ್ಲ ಎಂದುಕೊಳ್ಳಿ. ಆಗ ಬೋನಸ್ ಕಡಿತ ಮಾಡಿ ಸರಿದೂಗಿಸೋಣ ಎಂದು ಮಾಲೀಕರಿಗೆ ಅನ್ನಿಸುತ್ತದೆ. ಹಾಗೆ ಮಾಡಿದರೆ ಮೊದಲ ಷರತ್ತು ಮುರಿಯುತ್ತದೆ. ಬೋನಸ್ 10,000ವೇ ಇರಬೇಕು. ಹತ್ತು ತಿಂಗಳಿಗೆ ಹುಡುಗನಿಗೆ 2,30,000 ಹೋಗುತ್ತದೆ, ಮಾಲೀಕರಿಗೆ 2,90,000 ಉಳಿಯುತ್ತದೆ. ಹುಡುಗನಿಗೆ ಹೆಚ್ಚು ಸಿಕ್ಕಿತು ನಿಜ, ಮಾಲೀಕರಿಗೂ ಬರೀ ಸಂಬಳದ ಲೆಕ್ಕಕ್ಕಿಂತ 90,000 ಹೆಚ್ಚೇ ಸಿಕ್ಕಿತು.

ಈ ಲೆಕ್ಕ ಎಲ್ಲಿ ಸೋಲುತ್ತದೆ ಎಂಬುದೂ ಇದರಲ್ಲೇ ಕಾಣುತ್ತದೆ. ಮಾರಾಟವೆಲ್ಲ ಮಳೆಯ ಕೈಯಲ್ಲೇ ಇದ್ದು, ದುಡಿದರೆ ಐದು, ದುಡಿಯದಿದ್ದರೆ ನಾಲ್ಕು ಒಳ್ಳೆಯ ತಿಂಗಳು ಎಂಬಂತಿದ್ದರೆ ವ್ಯತ್ಯಾಸ ಒಂದೇ ತಿಂಗಳು. ಬೋನಸ್ 40,000 ಆಗಬೇಕು. ಒಂದು ಒಳ್ಳೆಯ ತಿಂಗಳು ಮಾಲೀಕರಿಗೆ ಹೆಚ್ಚಾಗಿ ತರುವುದೇ 40,000. ಅಲ್ಲಿ ಯಾರಿಗೂ ಏನೂ ಉಳಿಯುವುದಿಲ್ಲ. ಅಂಥ ಕಡೆ ಎರಡೇ ದಾರಿ: ನೇರ ಸಂಬಳ ಕೊಟ್ಟು ಸುಮ್ಮನಿರುವುದು, ಇಲ್ಲವೇ ದುಡಿಮೆಗೆ ಹತ್ತಿರದ ಬೇರೆ ಅಳತೆ ಹುಡುಕುವುದು. ಪಕ್ಕದ ತಾಲ್ಲೂಕಿನ ಸೇಲ್ಸ್‌ಮನ್‌ನ ಮಾರಾಟದೊಂದಿಗೆ ಹೋಲಿಸಿದರೆ ಇಬ್ಬರಿಗೂ ಒಂದೇ ಆದ ಮಳೆ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಶ್ರಮದ ಸುದ್ದಿ ಹೇಳುವ ಅಳತೆ ಕರಾರಿನಲ್ಲಿರಲಿ, ಅದೃಷ್ಟದ ಸುದ್ದಿ ಮಾತ್ರ ಹೇಳುವುದು ಬೇಡ ಎಂಬುದು ಹೋಮ್‌ಸ್ಟ್ರಾಮ್ ಅವರ ಫಲಿತಾಂಶದ ತಿರುಳು.

ಇದನ್ನು ನಮ್ಮ ದೇಶದಲ್ಲೇ ಪರೀಕ್ಷೆ ಮಾಡಿ ನೋಡಿದ್ದಾರೆ. ರಾಜಸ್ಥಾನದ ಉದಯಪುರದಲ್ಲಿ ಸೇವಾ ಮಂದಿರ ಎಂಬ ಸಂಸ್ಥೆ ಹಳ್ಳಿಗಳಲ್ಲಿ ಒಬ್ಬರೇ ಶಿಕ್ಷಕರಿರುವ ಶಾಲೆಗಳನ್ನು ನಡೆಸುತ್ತಿತ್ತು. 2003ರಲ್ಲಿ ಕೆಲವು ಶಾಲೆಗಳಿಗೆ ತಾರೀಖು, ಸಮಯ ಮೂಡುವ ಕ್ಯಾಮೆರಾ ಕೊಟ್ಟರು. ಶಾಲೆ ಶುರುವಾದಾಗ ಒಮ್ಮೆ, ಮುಗಿಯುವಾಗ ಒಮ್ಮೆ ಮಗುವೊಂದು ಶಿಕ್ಷಕರ ಫೋಟೊ ತೆಗೆಯಬೇಕು. ಸಂಬಳ ಹಾಜರಾತಿಯ ಮೇಲೆ 500ರಿಂದ 1,300 ರೂಪಾಯಿವರೆಗೆ, ಒಂದೊಂದು ದಿನಕ್ಕೆ 50 ರೂಪಾಯಿ ಹೆಚ್ಚುಕಡಿಮೆ. ಉಳಿದ ಶಾಲೆಗಳಲ್ಲಿ 1,000 ರೂಪಾಯಿಯ ನಿಗದಿ ಸಂಬಳ. ಎಸ್ತರ್ ಡುಫ್ಲೊ, ರೆಮಾ ಹನ್ನಾ, ಸ್ಟೀಫನ್ ರಯಾನ್ ಅಧ್ಯಯನ ಮಾಡಿದಾಗ ನಿಗದಿ ಸಂಬಳದ ಶಾಲೆಗಳಲ್ಲಿ ಗೈರುಹಾಜರಿ ಶೇ. 42 ಇತ್ತು, ಕ್ಯಾಮೆರಾ ಇದ್ದ ಕಡೆ ಶೇ. 21. ಹತ್ತು ದಿನಕ್ಕಿಂತ ಕಡಿಮೆ ಬಂದರೂ 500 ಖಚಿತವಾಗಿತ್ತು. ತಿಂಗಳ ಕೊನೆಗೆ ಹತ್ತನ್ನು ಮುಟ್ಟಲಾಗದವರಿಗೆ ಇನ್ನೊಂದು ದಿನ ಬಂದು ಆಗಬೇಕಾದ್ದೇನೂ ಇರಲಿಲ್ಲ. ಅಂಥವರು ಹೊಸ ತಿಂಗಳು ಹುಟ್ಟಿದೊಡನೆ ಮತ್ತೆ ಹೆಚ್ಚು ಬರತೊಡಗುತ್ತಿದ್ದರು. ನಮ್ಮ ಸೂತ್ರ ಹೇಳುವುದೂ ಇದನ್ನೇ: ವ್ಯತ್ಯಾಸವಿರುವ ಕಡೆ ಮಾತ್ರ ಹಣ ಕೆಲಸ ಮಾಡುತ್ತದೆ.

ಅಳತೆ ತಪ್ಪಾಗಿದ್ದರೆ ಅದೇ ಹಣ ಕೇಡನ್ನೂ ಮಾಡಿಸುತ್ತದೆ. ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನಲ್ಲಿ ಸಿಬ್ಬಂದಿಯ ಮೇಲೆ ಹೆಚ್ಚು ಖಾತೆ ತೆರೆಸುವ ಗುರಿ ಇತ್ತು. ಅವರು ಗ್ರಾಹಕರಿಗೆ ತಿಳಿಸದೆಯೇ ಅವರ ಹೆಸರಿನಲ್ಲಿ ಖಾತೆಗಳನ್ನು ತೆರೆದರು. 2016ರಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ನಮ್ಮ ಪಂಪ್‌ಸೆಟ್ ಹುಡುಗನೂ 5 ಎಚ್‌ಪಿ ಸಾಕಾಗುವ ರೈತನಿಗೆ 7.5 ಎಚ್‌ಪಿ ಮೋಟಾರ್ ಕಟ್ಟಿಬಿಡಬಹುದು. ಇದರ ಗುರುತು ಬೇಗ ಸಿಗುತ್ತದೆ: ಮಾರಾಟ ಏರುತ್ತಲೇ ಇರುತ್ತದೆ, ಜೊತೆಗೆ ದೂರುಗಳೂ ವಾಪಸು ಬರುವ ಮಾಲೂ ಏರುತ್ತವೆ. ಆಗ ಬೋನಸ್ಸನ್ನು ಮಾರಾಟದ ದಿನ ಕೊಡದೆ, ಮೂರು ತಿಂಗಳು ದೂರು ಬರದಿದ್ದರೆ ಕೊಡುವುದು ಸರಿ.

ಆದ್ದರಿಂದ ಯಾರಿಗೇ ಆಗಲಿ ಇನ್‌ಸೆಂಟಿವ್ ಗೊತ್ತುಮಾಡುವ ಮೊದಲು ಮಾಲೀಕರು ಒಂದು ಹಾಳೆಯ ಮೇಲೆ ಮೂರು ಅಂಕಿ ಬರೆಯಲಿ: ದುಡಿದರೆ ಎಷ್ಟು ಸಲ ಫಲ, ದುಡಿಯದಿದ್ದರೆ ಎಷ್ಟು ಸಲ, ಆ ಶ್ರಮದ ಬೆಲೆ ಎಷ್ಟು. ಮೂರನೆಯದನ್ನು ತಾವೇ ಊಹಿಸದೆ ಕೆಲಸಗಾರನನ್ನು ಕೂರಿಸಿಕೊಂಡು ಕೇಳಲಿ. ಶ್ರಮದ ಬೆಲೆಯನ್ನು ಮೊದಲೆರಡರ ವ್ಯತ್ಯಾಸದಿಂದ ಭಾಗಿಸಿದಾಗ ಬರುವ ಮೊತ್ತವನ್ನು ಪೂರ್ತಿ ಕೊಡುವ ಮನಸ್ಸಿದ್ದರೆ ಬೋನಸ್ ಇಡಲಿ. ಇಲ್ಲದಿದ್ದರೆ ಒಳ್ಳೆಯ ಸಂಬಳವನ್ನೇ ಕೊಡಲಿ. ಅರ್ಧ ಬೋನಸ್ಸಿನಿಂದ ಅರ್ಧ ದುಡಿಮೆಯೂ ಬರುವುದಿಲ್ಲ.