ಸೀರೆಯಂಗಡಿಯ ಸೂರಿನಲ್ಲಿ ನೀರು

ದಾವಣಗೆರೆಯ ಮಂಡಿಪೇಟೆ ಇನ್ನೂ ಪೂರ್ತಿ ಎದ್ದಿಲ್ಲ. ಈ ಸೀರೆಯಂಗಡಿಯ ಷಟರ್ ಮಾತ್ರ ಬೆಳಗಿನ ಆರೂವರೆಗೇ ಅರ್ಧ ಮೇಲೇರಿದೆ. ಒಳಗೆ ಗಾದಿಯ ಮೇಲೆ ಹರವಿದ್ದ ಸೀರೆಗಳನ್ನೆಲ್ಲ ಗೋಡೆ ಕಡೆಗೆ ಒತ್ತರಿಸಿ, ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದಾರೆ. ಮಧ್ಯದಲ್ಲಿ ಅಲ್ಯುಮಿನಿಯಂ ಏಣಿ. ಅದರ ನೆತ್ತಿಗೆ ಸರಿಯಾಗಿ, ಫಾಲ್ಸ್ ಸೀಲಿಂಗಿನಲ್ಲಿ ಕೂತಿರುವ ಚೌಕಾಕಾರದ ಕ್ಯಾಸೆಟ್ ಎಸಿ. ಅದರ ಒಂದು ಮೂಲೆಯಲ್ಲಿ ಚಹಾದ ಬಣ್ಣದ ಕಲೆ ಅಂಗೈಯಗಲ ಹರಡಿದೆ. ಮೊನ್ನೆ ಅಲ್ಲಿಂದಲೇ ನೀರು ತೊಟ್ಟಿಕ್ಕಿ ಎರಡು ರೇಷ್ಮೆ ಸೀರೆ ಹಾಳಾದವು.

‘ಹೋದ ತಿಂಗ್ಳಷ್ಟೇ ಸರ್ವೀಸ್ ಮಾಡ್ಸೀವಿ’ ಅಂದರು ಅಂಗಡಿಯ ಸಾಹುಕಾರರು.

‘ಏನೇನು ಮಾಡಿದ್ರು ಸಾವ್ಕಾರ್ರೆ?’ ಎಸಿ ಮೇಸ್ತ್ರಿ ಏಣಿಯ ಮೇಲಿಂದಲೇ ಕೇಳಿದರು.

‘ಜಾಳಿಗಿ ತೊಳೆದ್ರು, ಬ್ಲೋವರ್ ಹೊಡೆದ್ರು, ಗ್ಯಾಸ್ ನೋಡಿದ್ರು.’

ಮನೆಯ ಗೋಡೆ ಎಸಿಗೆ ಇಷ್ಟು ಸರ್ವೀಸ್ ನಡೆದೀತು. ಅಲ್ಲಿ ಕಾಯಿಲ್ ಮೇಲೆ ಇಳಿಯುವ ನೀರು ಕೆಳಗಿನ ತಟ್ಟೆಗೆ ಬಿದ್ದು, ಇಳಿಜಾರಿನ ಪೈಪಿನಲ್ಲಿ ತಾನಾಗಿಯೇ ಗೋಡೆಯಾಚೆ ಹೋಗುತ್ತದೆ. ಕಟ್ಟಿಕೊಂಡರೆ ಹೊರಗಿನಿಂದ ಪೈಪಿಗೆ ಬಾಯಿ ಹಚ್ಚಿ ಊದಿದರೂ ಎಷ್ಟೋ ಸಲ ಬಿಟ್ಟುಕೊಳ್ಳುತ್ತದೆ. ಕ್ಯಾಸೆಟ್ಟಿನ ಕಥೆ ಬೇರೆ. ಅದು ಸೂರಿನೊಳಗೆ ಹುದುಗಿರುವುದರಿಂದ ನೀರಿಗೆ ಇಳಿಯಲು ದಾರಿಯಿಲ್ಲ, ಹತ್ತಬೇಕು. ಒಳಗಿರುವ ಪುಟ್ಟ ಡ್ರೈನ್ ಪಂಪು ತಟ್ಟೆಯ ನೀರನ್ನು ಎರಡು ಅಡಿಯಷ್ಟು ಮೇಲಕ್ಕೆತ್ತಿ ಪೈಪಿಗೆ ಬಿಡುತ್ತದೆ, ಅಲ್ಲಿಂದ ಮುಂದೆ ಇಳಿಜಾರು. ಪಕ್ಕದಲ್ಲೇ ಒಂದು ತೇಲುಗುಂಡು, ಅಂದರೆ ಫ್ಲೋಟ್ ಸ್ವಿಚ್. ತಟ್ಟೆಯಲ್ಲಿ ನೀರು ಮಿತಿ ಮೀರಿದರೆ ಅದು ಮೇಲೆದ್ದು ಕಂಪ್ರೆಸರನ್ನು ನಿಲ್ಲಿಸುತ್ತದೆ. ಈ ಅಂಗಡಿಯಲ್ಲಿ ವಾರದಿಂದ ಎಸಿ ಮುಕ್ಕಾಲು ಗಂಟೆ ಓಡಿ ತಾನೇ ನಿಲ್ಲುತ್ತಿತ್ತು. ಕರೆಂಟಿನ ತೊಂದರೆಯೆಂದುಕೊಂಡು ಹುಡುಗರು ಮತ್ತೆ ಮತ್ತೆ ಸ್ವಿಚ್ ಒತ್ತುತ್ತಿದ್ದರು. ಯಂತ್ರ ಕೊಟ್ಟ ಮುನ್ಸೂಚನೆ ಅದೇ ಆಗಿತ್ತು.

ಎಂಸಿಬಿ ಇಳಿಸಿ ಮೇಸ್ತ್ರಿ ಕೆಲಸ ಶುರು ಮಾಡಿದರು. ನಡುವಿನ ಜಾಲರಿಯ ಎರಡು ಚಿಲಕ ಸರಿಸಿದಾಗ ಅದು ಬಾಗಿಲಿನಂತೆ ಕೆಳಕ್ಕೆ ತೆರೆದುಕೊಂಡು ಸಣ್ಣ ತಂತಿಯ ಮೇಲೆ ನೇತಾಡಿತು. ಫಿಲ್ಟರ್ ಸ್ವಚ್ಛವಾಗಿಯೇ ಇತ್ತು. ನಾಲ್ಕು ಮೂಲೆಯ ಮುಚ್ಚಳ ತೆಗೆದು, ಗಾಳಿಪಟ್ಟಿ ತಿರುಗಿಸುವ ಮೋಟಾರಿನ ವೈರನ್ನು ಮೊದಲು ಬಿಡಿಸಿ, ಆಮೇಲೆ ಇಡೀ ಪ್ಯಾನೆಲ್ ಇಳಿಸಿದರು. ವೈರ್ ಬಿಡಿಸದೆ ಪ್ಯಾನೆಲ್ ಎಳೆದರೆ ಕನೆಕ್ಟರ್ ಕಿತ್ತು ಬರುತ್ತದೆ. ಒಳಗೆ ಥರ್ಮೋಕೋಲಿನ ತಟ್ಟೆ. ಅದರ ತಳದಲ್ಲಿ ಒಂದು ರಬ್ಬರ್ ಬಿರಡೆ. ಸಹಾಯಕ ಹುಡುಗ ಬಕೆಟ್ ಎತ್ತಿ ಹಿಡಿದ. ಬಿರಡೆ ಎಳೆದದ್ದೇ ತಡ, ನಿಂತಿದ್ದ ಕಂದು ನೀರು ಧಾರೆಯಾಗಿ ಸುರಿಯಿತು.

ತಟ್ಟೆಯನ್ನು ನಾಲ್ಕೂ ಕಡೆ ಸಮನಾಗಿ ಹಿಡಿದು ಇಳಿಸಬೇಕು, ಒಂದೇ ಕಡೆ ಎಳೆದರೆ ಸೀಳುತ್ತದೆ. ಇಳಿದ ತಟ್ಟೆಯನ್ನು ನಾನು ಹತ್ತಿರದಿಂದ ನೋಡಿದೆ. ತಳದ ತುಂಬ ಬೆರಳು ದಪ್ಪದ ಲೋಳೆ. ಲೋಳೆಯೊಳಗೆ ಕೆಂಪು, ಹಸಿರು, ಅರಿಶಿನ ಬಣ್ಣದ ನೂಲಿನ ಎಳೆಗಳು, ಒಂದು ಜರಿಯ ಚೂರು ಕೂಡ. ದಿನವಿಡೀ ಸೀರೆ ಬಿಚ್ಚಿ ಕೊಡವುವಾಗ ಏಳುವ ಹೊಟ್ಟು, ಗಂಜಿಯ ಪುಡಿ, ಬೆಳಿಗ್ಗೆ ಸಂಜೆ ಲಕ್ಷ್ಮಿಪೂಜೆಯ ಊದಿನಕಡ್ಡಿ ಮತ್ತು ಲೋಬಾನದ ಜಿಡ್ಡು ಹೊಗೆ, ಎಲ್ಲವೂ ನಡುವಿನ ಜಾಲರಿಯ ಮೂಲಕ ಮೇಲೇರುತ್ತವೆ. ಫಿಲ್ಟರ್ ದಾಟಿದ ನಯವಾದ ಎಳೆ ಒದ್ದೆ ಕಾಯಿಲಿಗೆ ಅಂಟಿ, ನೀರಿನ ಜೊತೆ ತಟ್ಟೆಗಿಳಿದು, ಕೊನೆಗೆ ಪಂಪಿನ ರೆಕ್ಕೆಗೆ ಸುತ್ತಿಕೊಳ್ಳುತ್ತದೆ. ಮೇಸ್ತ್ರಿ ಪಂಪು ಬಿಚ್ಚಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ರೆಕ್ಕೆ ಉಜ್ಜಿದರು. ತೇಲುಗುಂಡು ಸಲೀಸಾಗಿ ಏರಿಳಿಯುತ್ತದೆಯೇ ಎಂದು ಬೆರಳಲ್ಲಿ ಎತ್ತಿ ನೋಡಿದರು.

ಕ್ಯಾಸೆಟ್ಟಿನ ಕಾಯಿಲ್ ಫ್ಯಾನಿನ ಸುತ್ತ ನಾಲ್ಕೂ ಬದಿಗೆ ಬಾಗಿಸಿದ ಗೋಡೆ. ಅದನ್ನು ತೊಳೆಯಲು ಯಂತ್ರದ ಸುತ್ತ ಪ್ಲಾಸ್ಟಿಕ್ ಜೋಳಿಗೆ ಕಟ್ಟಿ, ಅದರ ಬಾಲವನ್ನು ಬಕೆಟ್ಟಿಗೆ ಬಿಟ್ಟರು. ಕಂಟ್ರೋಲ್ ಬೋರ್ಡನ್ನು ಮೊದಲೇ ಬಿಚ್ಚಿ ಒಣಜಾಗದಲ್ಲಿ ಇಟ್ಟಾಗಿತ್ತು, ಫ್ಯಾನ್ ಮೋಟಾರಿಗೆ ಪ್ಲಾಸ್ಟಿಕ್ ಸುತ್ತಿಯಾಗಿತ್ತು. ಫ್ಯಾನ್ ಕಳಚಿ ಒಳಗಿನಿಂದ ಹೊರಕ್ಕೆ ಹದವಾಗಿ ನೀರು ಹಾಯಿಸಿದರು, ಜೋರಾಗಿ ಬಿಟ್ಟರೆ ಅಲ್ಯುಮಿನಿಯಂ ಪದರು ಮಡಚಿಕೊಳ್ಳುತ್ತದೆ.

ಎಲ್ಲ ಜೋಡಿಸಿ, ಬಿರಡೆ ಬಿಗಿಯಾಗಿದೆಯೇ ಎಂದು ಎರಡು ಸಲ ಒತ್ತಿ ನೋಡಿ, ಯಂತ್ರವನ್ನು ಕೂಲಿಂಗಿನಲ್ಲಿ ಓಡಿಸಿದರು. ಆಮೇಲೆ ಉದ್ದ ಮೂತಿಯ ಬಾಟಲಿಯಿಂದ ತಟ್ಟೆಗೆ ಒಂದು ಲೀಟರಿನಷ್ಟು ನೀರು ನಿಧಾನ ಸುರಿದರು. ಪಂಪಿನ ಗುಂಯ್ ಸದ್ದು ಕೇಳಿತು. ಆದರೆ ಹಿತ್ತಲಲ್ಲಿ ಪೈಪಿನ ಬಾಯಿ ಕಾಯುತ್ತಿದ್ದ ಹುಡುಗ ‘ಬರಾಕತ್ತಿಲ್ಲಣ್ಣ, ಹನಿ ಹನಿ ಅಷ್ಟೇ’ ಎಂದು ಕೂಗಿದ. ನೀರಿನ ಪರೀಕ್ಷೆ ಮಾಡದೆ ಹೋಗಿದ್ದರೆ ಇಷ್ಟೆಲ್ಲ ತೊಳೆದದ್ದೂ ವ್ಯರ್ಥವಾಗುತ್ತಿತ್ತು. ಸೀಲಿಂಗಿನ ಒಂದು ಚೌಕ ಸರಿಸಿ ಟಾರ್ಚ್ ಬಿಟ್ಟಾಗ ಕಾರಣ ಕಂಡಿತು. ದೀಪಾವಳಿಗೆ ಹೊಸ ಲೈಟ್ ಕೂರಿಸಿದವರು ಅಡ್ಡ ಬಂದ ಡ್ರೈನ್ ಪೈಪಿನ ಕಟ್ಟು ಬಿಚ್ಚಿ ಹಾಗೇ ಬಿಟ್ಟಿದ್ದರು. ಪೈಪು ನಡುವೆ ಜೋತು ಬಿದ್ದು ಹೊಟ್ಟೆ ಬಿಟ್ಟಿತ್ತು, ಅದರಲ್ಲಿ ನೀರು, ಕೆಸರು ನಿಂತಿತ್ತು. ಪೈಪು ತೊಳೆದು, ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು ಬರುವಂತೆ ಹೊಸ ಕಟ್ಟು ಹಾಕಿದ ಮೇಲೆ ಹಿತ್ತಲಲ್ಲಿ ನೀರು ದಳದಳ ಬಿತ್ತು. ಗೋಡೆ ಎಸಿಯ ಪೈಪು ಕಣ್ಣೆದುರಿಗೇ ಇರುತ್ತದೆ, ಜೋತು ಬಿದ್ದರೆ ಗೊತ್ತಾಗುತ್ತದೆ. ಸೂರಿನ ಮೇಲಿನದನ್ನು ಯಾರಾದರೂ ಹತ್ತಿ ನೋಡಲೇಬೇಕು.

ಬಿಲ್ಲಿಂಗ್ ಕೌಂಟರಿನ ಪಕ್ಕ ಆಳೆತ್ತರದ ಟವರ್ ಎಸಿ ನಿಂತಿದೆ. ಇದರ ನೀರು ಇಳಿಜಾರಿನಲ್ಲೇ ಹೋಗುತ್ತದೆ, ಪಂಪಿನ ರಗಳೆ ಇಲ್ಲ. ಇದರ ಶತ್ರು ನೆಲ. ಗಾಳಿ ಎಳೆದುಕೊಳ್ಳುವ ಜಾಲರಿ ಮೊಣಕಾಲಿನ ಮಟ್ಟದಲ್ಲಿರುವುದರಿಂದ ಕಸ ಗುಡಿಸಿದಾಗ ಎದ್ದ ಧೂಳೆಲ್ಲ ನೇರ ಅದಕ್ಕೇ. ಸಾಲದ್ದಕ್ಕೆ ಅದರ ಮುಂದೆ ಸೀರೆಯ ರಟ್ಟಿನ ಡಬ್ಬಿಗಳು ಒಟ್ಟಿದ್ದವು. ‘ಉಸಿರಾಡೋಕೆ ಜಾಗ ಬಿಡ್ರಿ’ ಎಂದು ಮೇಸ್ತ್ರಿ ಡಬ್ಬಿಗಳನ್ನು ತಾವೇ ಸರಿಸಿದರು. ಗಾಳಿ ಸಾಲದಿದ್ದರೆ ಕಾಯಿಲಿನ ಮೇಲೆ ಮಂಜು ಕಟ್ಟುತ್ತದೆ, ಯಂತ್ರ ಆರಿಸಿದ ಮೇಲೆ ಅದು ಕರಗಿ ನೆಲಕ್ಕೆ ಹರಿಯುತ್ತದೆ. ಗ್ಯಾಸ್ ಕಡಿಮೆಯಾದಾಗಲೂ ಹೀಗೇ ಆಗುತ್ತದೆ, ಆದ್ದರಿಂದ ಮೊದಲು ಜಾಲರಿ, ಆಮೇಲೆ ಗೇಜು ಎಂಬುದು ಅವರ ಕ್ರಮ.

ಟವರಿನ ಮುಂದಿನ ಹಲಗೆ ಬಿಚ್ಚಿದರೆ ಕಾಯಿಲ್ ಪೂರ್ತಿ ಎದುರಿಗೇ ಬರುತ್ತದೆ, ಏಣಿ ಬೇಡ. ಆದರೆ ಬ್ಲೋವರ್ ಮೋಟಾರು ಕಾಯಿಲಿನ ಕೆಳಗಿದೆ. ಗೋಡೆ ಎಸಿಗೆ ಹೊಡೆದಂತೆ ಪೈಪು ಹಿಡಿದು ನೀರು ಬಿಟ್ಟರೆ ತಟ್ಟೆ ತುಂಬಿ ಮೋಟಾರಿನ ಮೇಲೇ ಬೀಳುತ್ತದೆ. ಮೋಟಾರಿಗೆ ಪ್ಲಾಸ್ಟಿಕ್ ಸುತ್ತಿ, ಸ್ವಲ್ಪ ಸ್ವಲ್ಪವೇ ಸಿಂಪಡಿಸಿ, ತಟ್ಟೆ ಖಾಲಿಯಾದ ಮೇಲೆ ಮುಂದುವರಿದರು. ಪೈಪು ಒಳಬರುವ ತೂತಿನಲ್ಲಿ ಇಲಿ ಕಡಿದ ಗುರುತಿತ್ತು, ಅದನ್ನೂ ಮುಚ್ಚಿದರು.

ಇಷ್ಟೆಲ್ಲ ಮುಗಿಯುವಾಗ ಅಂಗಡಿ ತೆರೆಯುವ ಹೊತ್ತಾಗಿತ್ತು. ಗೋಡೆ ಎಸಿಯ ಲೆಕ್ಕದಲ್ಲಿ ಮುಕ್ಕಾಲು ಗಂಟೆಯ ಕೂಲಿ ಕೊಟ್ಟು ಈ ಕೆಲಸ ಮಾಡಿಸಲಾಗದು. ಬಟ್ಟೆಯಂಗಡಿಯಲ್ಲಿ ಹದಿನೈದು ದಿನಕ್ಕೊಮ್ಮೆ ಫಿಲ್ಟರನ್ನು ನಿಮ್ಮ ಹುಡುಗರೇ ತೊಳೆಯಲಿ. ಬೇಸಿಗೆಗೆ ಮುಂಚೆ ಒಂದು ಸಲ ಕ್ಯಾಸೆಟ್ಟಿನ ತಟ್ಟೆ ಇಳಿಸಿ ತೊಳೆಯುವುದು, ಪಂಪು ಬಿಚ್ಚುವುದು, ನೀರು ಸುರಿದು ಹೊರಗೆ ಬೀಳುವುದನ್ನು ತೋರಿಸುವುದು, ಈ ಮೂರನ್ನೂ ಸರ್ವೀಸ್ ಒಪ್ಪಂದದಲ್ಲಿ ಬರೆಸಿಕೊಳ್ಳಿ. ನೀರು ಬೀಳುವಾಗ ಹಿತ್ತಲಿಗೆ ನೀವೇ ಹೋಗಿ ನೋಡಿ, ಆಮೇಲೆ ಚೀಟಿಗೆ ಸಹಿ ಹಾಕಿ.