ಆಕೃತಿ ಕವಿತೆ

ಕವಿತೆಯ ಸಾಲುಗಳು ಪುಟದ ಮೇಲೆ ಅಚ್ಚಾಗಿರುವ ವಿನ್ಯಾಸವೇ ಅದರ ಅರ್ಥದ ಒಂದು ಭಾಗವಾಗಿದ್ದರೆ ಅಂತಹ ಕವಿತೆಯನ್ನು ಆಕೃತಿ ಕವಿತೆ ಎನ್ನುತ್ತಾರೆ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಬೆಳೆದ ಇದರ ಒಂದು ಕವಲಿಗೆ ಕಾಂಕ್ರೀಟ್ ಕಾವ್ಯ ಅಥವಾ ಮೂರ್ತ ಕಾವ್ಯ ಎಂಬ ಹೆಸರಿದೆ. ಸಾಮಾನ್ಯ ಕವಿತೆಯನ್ನು ಯಾವ ಅಕ್ಷರವಿನ್ಯಾಸದಲ್ಲಿ ಅಚ್ಚುಮಾಡಿದರೂ ಅದು ಅದೇ ಕವಿತೆಯಾಗಿ ಉಳಿಯುತ್ತದೆ. ಆಕೃತಿ ಕವಿತೆಯ ಸಾಲುಗಳನ್ನು ಕೂಡಿಸಿ ಗದ್ಯದಂತೆ ಒಟ್ಟಿಗೆ ಬರೆದರೆ ಅರ್ಥದ ಒಂದಂಶ ನಷ್ಟವಾಗುತ್ತದೆ. ಹೀಗೆ ಬರೆದು ನೋಡಿ, ಕಳೆದುಹೋದದ್ದು ಏನೆಂದು ಕೇಳಿಕೊಳ್ಳುವುದೇ ಈ ಪ್ರಕಾರವನ್ನು ಗುರುತಿಸುವ ಸರಳವಾದ ಪರೀಕ್ಷೆ. ಏನೂ ಕಳೆಯದಿದ್ದರೆ ಆಕೃತಿಯು ಕೇವಲ ಅಲಂಕಾರವೆಂದು ತಿಳಿಯಬೇಕು.

## ಪ್ರಾಚೀನ ಮಾದರಿಗಳು

ಈ ಬಗೆಯ ರಚನೆಗಳ ಹಳೆಯ ಉದಾಹರಣೆಗಳು ಗ್ರೀಕ್ ಭಾಷೆಯಲ್ಲಿ ದೊರೆಯುತ್ತವೆ. ಕ್ರಿ.ಪೂ. 300ರ ಸುಮಾರಿನಲ್ಲಿದ್ದ ರೋಡ್ಸ್ ದ್ವೀಪದ ಸಿಮಿಯಸ್ ಎಂಬ ಕವಿಯು ರೆಕ್ಕೆ, ಕೊಡಲಿ ಮತ್ತು ಮೊಟ್ಟೆಗಳ ಆಕಾರದ ಮೂರು ಕವಿತೆಗಳನ್ನು ಬರೆದನು. ಇವು 'ಗ್ರೀಕ್ ಆಂಥಾಲಜಿ' ಎಂಬ ಸಂಕಲನದ ಹದಿನೈದನೆಯ ಭಾಗದಲ್ಲಿ ಉಳಿದುಬಂದಿವೆ. ಇವುಗಳಲ್ಲಿ ಆಕಾರವನ್ನು ಕೊಡುವುದು ಛಂದಸ್ಸು. ಸಾಲಿನಲ್ಲಿರುವ ಗಣಗಳ ಸಂಖ್ಯೆ ಕ್ರಮವಾಗಿ ಕುಗ್ಗುವುದರಿಂದ ಅಥವಾ ಹಿಗ್ಗುವುದರಿಂದ ರೂಪವು ತಾನಾಗಿಯೇ ಮೂಡುತ್ತದೆ. ಮೊಟ್ಟೆಯ ಕವಿತೆಯನ್ನು ಓದುವ ಕ್ರಮವೂ ವಿಶೇಷವಾದುದು. ಮೊದಲನೆಯ ಸಾಲಿನ ನಂತರ ಕೊನೆಯ ಸಾಲು, ಆಮೇಲೆ ಎರಡನೆಯ ಸಾಲು, ಅದರ ನಂತರ ಕೊನೆಯಿಂದ ಎರಡನೆಯದು, ಹೀಗೆ ಹೊರಗಿನಿಂದ ಒಳಕ್ಕೆ ಓದುತ್ತ ಹೋಗಬೇಕು.

## ಒಂದು ಉದಾಹರಣೆ: 'ಈಸ್ಟರ್ ವಿಂಗ್ಸ್'

ಆಕೃತಿಯು ಅರ್ಥದೊಡನೆ ಹೇಗೆ ಬೆಸೆದುಕೊಳ್ಳುತ್ತದೆ ಎಂಬುದಕ್ಕೆ ಇಂಗ್ಲಿಷ್ ಕವಿ ಜಾರ್ಜ್ ಹರ್ಬರ್ಟನ (1593–1633) 'ಈಸ್ಟರ್ ವಿಂಗ್ಸ್' ಉತ್ತಮ ನಿದರ್ಶನವಾಗಿದೆ. ಹರ್ಬರ್ಟನು ಸಾಲ್ಸ್‌ಬರಿ ಸಮೀಪದ ಬೆಮರ್ಟನ್ ಗ್ರಾಮದ ಪಾದ್ರಿಯಾಗಿದ್ದನು. ಆತ ತೀರಿಕೊಂಡ ವರ್ಷವೇ, ಅಂದರೆ 1633ರಲ್ಲಿ, 'ದ ಟೆಂಪಲ್' ಎಂಬ ಅವನ ಕವಿತಾ ಸಂಗ್ರಹವು ಕೇಂಬ್ರಿಜ್‌ನಲ್ಲಿ ಪ್ರಕಟವಾಯಿತು. ಈ ಕವಿತೆ ಅದರಲ್ಲಿದೆ.

ಕವಿತೆಗೆ ಎರಡು ಪದ್ಯಗಳಿವೆ. ಪ್ರತಿಯೊಂದರಲ್ಲಿಯೂ ಹತ್ತು ಸಾಲುಗಳು. ಮೊದಲನೆಯ ಪದ್ಯದ ಮೊದಲ ಸಾಲಿನಲ್ಲಿ ಹತ್ತು ಉಚ್ಚಾರಾಂಶಗಳಿದ್ದು, ಮುಂದಿನ ಸಾಲುಗಳಲ್ಲಿ ಅವು ಎಂಟು, ಆರು, ನಾಲ್ಕು, ಎರಡು ಎಂದು ಇಳಿಯುತ್ತವೆ. ಆರನೆಯ ಸಾಲು ಮತ್ತೆ ಎರಡರಿಂದ ಆರಂಭವಾಗಿ, ಕೊನೆಯ ಸಾಲಿನ ವೇಳೆಗೆ ಹತ್ತನ್ನು ಮುಟ್ಟುತ್ತದೆ. ಈ ಇಳಿಕೆ ಮತ್ತು ಏರಿಕೆಗಳೇ ಕವಿತೆಯ ವಸ್ತುವೂ ಆಗಿವೆ. ದೇವರು ಸಮೃದ್ಧಿಯೊಡನೆ ಸೃಷ್ಟಿಸಿದ ಮನುಷ್ಯನು ತನ್ನ ಅವಿವೇಕದಿಂದ ಎಲ್ಲವನ್ನೂ ಕಳೆದುಕೊಳ್ಳುತ್ತ ಬರುತ್ತಾನೆ. ಅವನು ಅತ್ಯಂತ ಬಡವನಾದ ಕ್ಷಣವನ್ನು ಹೇಳುವ ಐದನೆಯ ಸಾಲು ಪದ್ಯದ ಅತ್ಯಂತ ಕಿರಿದಾದ ಸಾಲಾಗಿದೆ. ಆರನೆಯ ಸಾಲಿನಲ್ಲಿ ದೇವರ ಜೊತೆ ಕೂಡುವ ಮಾತು ಬರುತ್ತದೆ. ಅಲ್ಲಿಂದ ಸಾಲುಗಳು ಅಗಲವಾಗತೊಡಗುತ್ತವೆ, ಕವಿಯ ಹಾರಾಟವೂ ಆರಂಭವಾಗುತ್ತದೆ. ಎರಡನೆಯ ಪದ್ಯದಲ್ಲಿ ಕವಿಯ ಸ್ವಂತ ದುಃಖ ಮತ್ತು ಕಾಯಿಲೆಗಳ ಪ್ರಸ್ತಾಪವಿದ್ದು, ಅಲ್ಲಿ ದೇಹವು ಸೊರಗಿ ತೀರಾ ತೆಳುವಾದದ್ದನ್ನು ಹೇಳುವ ಸಾಲೇ ಎಲ್ಲಕ್ಕಿಂತ ತೆಳುವಾಗಿದೆ. ಕೊನೆಯಲ್ಲಿ ಕವಿಯು ಗಿಡುಗ ಸಾಕುವವರ ಒಂದು ಪದವನ್ನು ಬಳಸುತ್ತಾನೆ. ಗಿಡುಗದ ಗರಿ ಮುರಿದಾಗ ಬೇರೊಂದು ಗರಿಯನ್ನು ಅದಕ್ಕೆ ಕಸಿಮಾಡಿ ಹಕ್ಕಿಯನ್ನು ಮತ್ತೆ ಹಾರುವಂತೆ ಮಾಡುವ ಕ್ರಿಯೆಗೆ ಆ ಪದ ಸಲ್ಲುತ್ತದೆ. ಮುರಿದ ರೆಕ್ಕೆಯ ಪುನಶ್ಚೇತನವನ್ನು ಹೇಳುವ ಮಾತು ರೆಕ್ಕೆಯ ತುದಿಯ ಬಳಿಯಲ್ಲಿಯೇ ಬಂದು ನಿಲ್ಲುತ್ತದೆ.

1633ರ ಮುದ್ರಣದಲ್ಲಿ ಎರಡು ಪದ್ಯಗಳನ್ನು ಎದುರುಬದುರಾದ ಪುಟಗಳಲ್ಲಿ, ಸಾಲುಗಳು ಕೆಳಗಿನಿಂದ ಮೇಲಕ್ಕೆ ನಿಂತಿರುವಂತೆ ಅಡ್ಡ ತಿರುಗಿಸಿ ಅಚ್ಚುಮಾಡಲಾಗಿತ್ತು. ಪುಸ್ತಕವನ್ನು ನೇರವಾಗಿ ಹಿಡಿದರೆ ರೆಕ್ಕೆ ಬಿಚ್ಚಿದ ಎರಡು ಹಕ್ಕಿಗಳು ಕಾಣುತ್ತವೆ, ಆದರೆ ಓದಲಾಗುವುದಿಲ್ಲ. ಓದಲು ಪುಸ್ತಕವನ್ನು ತಿರುಗಿಸಿದರೆ ಹಕ್ಕಿಗಳು ಮಾಯವಾಗಿ, ನಡು ಸಣ್ಣಗಿರುವ ಮರಳು ಗಡಿಯಾರಗಳ ಆಕಾರ ಉಳಿಯುತ್ತದೆ. ನಂತರದ ಅನೇಕ ಆವೃತ್ತಿಗಳು ಓದುಗರ ಅನುಕೂಲಕ್ಕಾಗಿ ಸಾಲುಗಳನ್ನು ಎಂದಿನಂತೆ ಎಡದಿಂದ ಬಲಕ್ಕೆ ಅಚ್ಚುಮಾಡಿವೆ. ಇದರಿಂದ ಒಂದು ಪದವೂ ಬದಲಾಗದಿದ್ದರೂ ನೋಡುವ ಮತ್ತು ಓದುವ ಕ್ರಿಯೆಗಳ ನಡುವಣ ಆಟವು ಇಲ್ಲವಾಗುತ್ತದೆ.

## ಆಕ್ಷೇಪಗಳು

ಹರ್ಬರ್ಟನ ನಂತರದ ಪೀಳಿಗೆಗಳು ಈ ಪ್ರಕಾರವನ್ನು ಗೌರವಿಸಲಿಲ್ಲ. ಜಾನ್ ಡ್ರೈಡನ್ ತನ್ನ 'ಮ್ಯಾಕ್ ಫ್ಲೆಕ್ನೋ' (1682) ಎಂಬ ವಿಡಂಬನೆಯಲ್ಲಿ ರೆಕ್ಕೆ ಹಾಗೂ ಬಲಿಪೀಠಗಳ ಆಕಾರದ ಕವಿತೆಗಳನ್ನು ಗೇಲಿ ಮಾಡಿದನು. ಜೋಸೆಫ್ ಅಡಿಸನ್ 1711ರಲ್ಲಿ 'ಸ್ಪೆಕ್ಟೇಟರ್' ಪತ್ರಿಕೆಯಲ್ಲಿ ಇವನ್ನು ಹುಸಿ ಚಾತುರ್ಯದ ಗುಂಪಿಗೆ ಸೇರಿಸಿದನು. ಮೊದಲೇ ಸಿದ್ಧವಾದ ಒಂದು ಅಚ್ಚಿಗೆ ಮಾತುಗಳನ್ನು ಕತ್ತರಿಸಿ ತುಂಬಿದರೆ ಕಾವ್ಯಕ್ಕೆ ಹಾನಿ ಎಂಬುದು ಈ ಆಕ್ಷೇಪದ ತಿರುಳು. ಆಕಾರಕ್ಕೆ ಬೇಕೆಂದು ಸೇರಿಸಿದ ಪದಗಳು ಕಾಣುವ ಎಷ್ಟೋ ರಚನೆಗಳ ವಿಷಯದಲ್ಲಿ ಇದು ನಿಜವೂ ಹೌದು. ಆದರೆ ಹರ್ಬರ್ಟನ ಕವಿತೆಯಲ್ಲಿ ಸಾಲು ಕಿರಿದಾಗುವುದು ಮನುಷ್ಯ ಬಡವನಾಗುವುದರಿಂದ. ಚಿತ್ರವು ಇಲ್ಲಿ ಭಾವದ ಹಿಂದೆಯೇ ನಡೆಯುತ್ತದೆ.

## ಇಪ್ಪತ್ತನೆಯ ಶತಮಾನ

ಫ್ರೆಂಚ್ ಕವಿ ಗಿಯೋಮ್ ಅಪೊಲಿನೇರ್ ತನ್ನ ಇಂತಹ ರಚನೆಗಳಿಗೆ 'ಕ್ಯಾಲಿಗ್ರಾಮ್' ಎಂಬ ಹೆಸರಿಟ್ಟನು. ಅದೇ ಹೆಸರಿನ ಸಂಗ್ರಹವು 1918ರಲ್ಲಿ ಪ್ರಕಟವಾಯಿತು. ಮಳೆಯನ್ನು ಕುರಿತ ಅವನ ಪ್ರಸಿದ್ಧ ಕವಿತೆಯಲ್ಲಿ ಅಕ್ಷರಗಳು ಒಂದರ ಕೆಳಗೊಂದು ಜಾರುತ್ತ, ಓರೆಯಾದ ಐದು ಎಳೆಗಳಾಗಿ ಪುಟದ ಕೆಳಭಾಗಕ್ಕೆ ಇಳಿಯುತ್ತವೆ. ಓದುಗನು ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿಕೊಳ್ಳಬೇಕಾಗಿರುವುದರಿಂದ ಓದು ನಿಧಾನವಾಗುತ್ತದೆ.

1950ರ ದಶಕದಲ್ಲಿ ಇನ್ನೂ ಕಠಿಣವಾದ ಒಂದು ಮಾರ್ಗವು ಕಾಣಿಸಿಕೊಂಡಿತು. ಬ್ರೆಜಿಲ್‌ನ ಸಾವೊ ಪೌಲೊ ನಗರದಲ್ಲಿ ಅಗಸ್ಟೊ ಡಿ ಕಾಂಪೊಸ್, ಹರೊಲ್ಡೊ ಡಿ ಕಾಂಪೊಸ್ ಮತ್ತು ಡೆಸಿಯೊ ಪಿಗ್ನತಾರಿ 1952ರಲ್ಲಿ 'ನೊಯಿಗಾಂದ್ರೆಸ್' ಎಂಬ ಬಳಗವನ್ನು ಕಟ್ಟಿದರು. ಬೊಲಿವಿಯಾದಲ್ಲಿ ಹುಟ್ಟಿ ಸ್ವಿಟ್ಜರ್‌ಲೆಂಡಿನಲ್ಲಿ ಬೆಳೆದ ಯೂಗೆನ್ ಗೊಮ್ರಿಂಗರ್ ಅದೇ ಕಾಲದಲ್ಲಿ ಸ್ವತಂತ್ರವಾಗಿ ಇಂತಹುದೇ ಪ್ರಯೋಗದಲ್ಲಿ ತೊಡಗಿದ್ದರು. ಗೊಮ್ರಿಂಗರ್ ಹಾಗೂ ಪಿಗ್ನತಾರಿ 1955ರಲ್ಲಿ ಜರ್ಮನಿಯ ಉಲ್ಮ್ ನಗರದಲ್ಲಿ ಭೇಟಿಯಾದ ನಂತರ 'ಕಾಂಕ್ರೀಟ್ ಕಾವ್ಯ' ಎಂಬ ಹೆಸರು ಎರಡೂ ಕಡೆಗೆ ಸಾಮಾನ್ಯವಾಯಿತು. ಬ್ರೆಜಿಲ್ ಬಳಗದ ಪ್ರಣಾಳಿಕೆಯು 1958ರಲ್ಲಿ ಹೊರಬಂದಿತು.

ಈ ಕವಿಗಳು ವಸ್ತುಗಳ ಚಿತ್ರ ಬಿಡಿಸುವುದನ್ನು ಕೈಬಿಟ್ಟರು. ಗೊಮ್ರಿಂಗರ್ ಅವರ ಒಂದು ಕವಿತೆಯಲ್ಲಿ ಮೌನ ಎಂಬ ಅರ್ಥದ ಜರ್ಮನ್ ಪದವೊಂದೇ ಇದೆ. ಸಾಲಿಗೆ ಮೂರರಂತೆ ಐದು ಸಾಲುಗಳಲ್ಲಿ ಅದು ಮರಳಿ ಮರಳಿ ಬರುತ್ತದೆ. ಮೂರನೆಯ ಸಾಲಿನ ನಡುವಿನ ಸ್ಥಾನ ಮಾತ್ರ ಖಾಲಿ. ಹದಿನೈದು ಸ್ಥಾನಗಳಲ್ಲಿ ಹದಿನಾಲ್ಕು ಪದಗಳು, ಒಂದು ಬಿಳಿಯ ಜಾಗ. ಮೌನವೆಂಬ ಪದವನ್ನು ಉಚ್ಚರಿಸಿದೊಡನೆ ಮೌನ ಮುರಿಯುತ್ತದೆ. ಆದುದರಿಂದ ಪದವಿಲ್ಲದ ಆ ನಡುಜಾಗವೇ ಕವಿತೆಯಲ್ಲಿ ನಿಜವಾದ ಮೌನ. ಗಟ್ಟಿಯಾಗಿ ಓದಿದರೆ ಅದು ಬರಿಯ ಬಿಡುವಾಗುತ್ತದೆ, ಸುತ್ತಲೂ ಪದಗಳಿಂದ ಆವೃತವಾದ ಖಾಲಿತನ ಕಿವಿಗೆ ತಿಳಿಯುವುದಿಲ್ಲ.

## ಚಿತ್ರಬಂಧದೊಡನೆ ಹೋಲಿಕೆ

ಆಕೃತಿ ಕವಿತೆಯನ್ನು ಭಾರತೀಯ ಚಿತ್ರಕಾವ್ಯದೊಡನೆ ಹೋಲಿಸುವ ರೂಢಿಯಿದೆ. ದಂಡಿಯ 'ಕಾವ್ಯಾದರ್ಶ'ದ ಮೂರನೆಯ ಪರಿಚ್ಛೇದದಲ್ಲಿ ಗೋಮೂತ್ರಿಕಾ, ಅರ್ಧಭ್ರಮ, ಸರ್ವತೋಭದ್ರ ಎಂಬ ರಚನೆಗಳ ವಿವರಣೆಯಿದೆ. ಭಾರವಿಯ 'ಕಿರಾತಾರ್ಜುನೀಯ'ದ ಹದಿನೈದನೆಯ ಸರ್ಗವು ಇಂತಹ ಪದ್ಯಗಳಿಗೆ ಹೆಸರಾದುದು. ಗೋಮೂತ್ರಿಕೆಯ ಎರಡು ಸಾಲುಗಳನ್ನು ಒಂದರ ಕೆಳಗೊಂದು ಬರೆದಾಗ, ಒಂದು ಬಿಟ್ಟು ಒಂದು ಸ್ಥಾನದಲ್ಲಿ ಎರಡರಲ್ಲಿಯೂ ಒಂದೇ ಅಕ್ಷರವಿರುತ್ತದೆ. ಹೀಗಾಗಿ ನಡೆಯುವ ಎತ್ತಿನ ಮೂತ್ರದ ಗೆರೆಯಂತೆ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೂ ಅಲ್ಲಿಂದ ಮತ್ತೆ ಮೇಲಕ್ಕೂ ಅಂಕುಡೊಂಕಾಗಿ ಓದಿದರೂ ಪದ್ಯ ಕೆಡುವುದಿಲ್ಲ.

ಎರಡಕ್ಕೂ ಮೂಲಭೂತ ವ್ಯತ್ಯಾಸವಿದೆ. ಚಿತ್ರಬಂಧದ ಪದ್ಯವು ಮೊದಲು ಕ್ರಮಬದ್ಧವಾದ ವೃತ್ತ. ತಾಳೆಗರಿಯಲ್ಲಿ ಸಾಲು ಮುರಿಯದೆ ಒಂದೇ ಸಮನೆ ಬರೆದರೂ ಅದರ ಅರ್ಥಕ್ಕೆ ಕೊರತೆಯಿಲ್ಲ. ಅಕ್ಷರಗಳ ಒಳಗಿನ ಕಟ್ಟು ಆಮೇಲೆ ಬಿಡಿಸಿ ತೋರಿಸಬೇಕಾದುದು. ಆಕೃತಿ ಕವಿತೆಯಲ್ಲಿ ರೂಪವು ಮೊದಲ ನೋಟಕ್ಕೇ ಕಾಣುತ್ತದೆ, ಆದರೆ ಸಾಲು ಮುರಿಯುವ ಸ್ಥಾನ ಬದಲಾದರೆ ನಾಶವಾಗುತ್ತದೆ.

## ಕನ್ನಡ ಲಿಪಿಯಲ್ಲಿ

ಕನ್ನಡದಲ್ಲಿ ಆಕೃತಿಯನ್ನು ಕಟ್ಟಲು ಅಕ್ಷರವೇ ಸಹಜವಾದ ಅಳತೆ. ವಿವರಣೆಗೆಂದೇ ರಚಿಸಿದ ಒಂದು ಉದಾಹರಣೆ ಇಲ್ಲಿದೆ. ಅಂಗೈಯಲ್ಲಿ ಹಿಡಿದ ಮಂಜುಗಡ್ಡೆಯೆಂದು ಇದನ್ನು ಭಾವಿಸಬಹುದು.

```
ಕರಗುತಿದೆ
ಕರಗುತಿ
ಕರಗು
ಕರ
ಕ
```

ಐದು ಅಕ್ಷರಗಳ ಕ್ರಿಯಾಪದದಿಂದ ಪ್ರತಿ ಸಾಲಿಗೆ ಒಂದೊಂದು ಅಕ್ಷರ ಉದುರುತ್ತದೆ. ಮೂರನೆಯ ಸಾಲಿನಲ್ಲಿ ಅದು ಆಜ್ಞೆಯಾಗುತ್ತದೆ. ನಾಲ್ಕನೆಯ ಸಾಲಿನಲ್ಲಿ ಗಡ್ಡೆಯು ಕರಗಿ, ಹಿಡಿದ ಕೈ ಮಾತ್ರ ಉಳಿಯುತ್ತದೆ. ಇದನ್ನೇ 'ಕರಗುತಿದೆ ಕರಗುತಿ ಕರಗು ಕರ ಕ' ಎಂದು ಒಂದೇ ಸಾಲಿನಲ್ಲಿ ಬರೆದರೆ ಕರಗುವಿಕೆ ಮಾಯವಾಗಿ, ತೊದಲುವಿಕೆ ಕೇಳಿಸುತ್ತದೆ. ಪದಗಳು ಅವೇ ಆದರೂ ಅರ್ಥ ಬೇರೆಯಾಯಿತು.

ಒತ್ತಕ್ಷರಗಳಿರುವ ಪದಗಳಲ್ಲಿ ಹೆಚ್ಚಿನ ಎಚ್ಚರ ಬೇಕು. 'ಸ್ತ್ರೀ' ಎಂಬುದು ಓದುಗನಿಗೆ ಒಂದೇ ಅಕ್ಷರ. ಗಣಕದ ಯೂನಿಕೋಡ್ ಲೆಕ್ಕದಲ್ಲಿ ಅದು ಆರು ಸಂಕೇತಗಳ ಸರಣಿ. ಮಳೆಹನಿಗಳಂತೆ ಅಕ್ಷರಗಳನ್ನು ಬಿಡಿಸಿ ಕೆಳಗಿಳಿಸಲು ಹೊರಟ ತಂತ್ರಾಂಶವು ಸಂಕೇತಗಳನ್ನು ಒಂದೊಂದಾಗಿ ಬೇರ್ಪಡಿಸಿದರೆ ಒತ್ತುಗಳೂ ಗುಣಿತ ಚಿಹ್ನೆಗಳೂ ಅನಾಥವಾಗಿ ಬೀಳುತ್ತವೆ. ಒತ್ತುಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವಣ ಅಂತರವನ್ನೂ ಹೆಚ್ಚಿಸಬೇಕಾಗುತ್ತದೆ.

## ಪರದೆಯ ಮೇಲಿನ ತೊಡಕುಗಳು

ಜಾಲಪುಟಗಳಲ್ಲಿ ಆಕೃತಿ ಕವಿತೆ ಕೆಡುವುದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ. ಒಂದರ ಪಕ್ಕದಲ್ಲೊಂದು ಕೊಟ್ಟ ಹಲವು ಖಾಲಿ ಜಾಗಗಳನ್ನು ಜಾಲವೀಕ್ಷಕವು ಸಾಮಾನ್ಯವಾಗಿ ಒಂದಕ್ಕೆ ಇಳಿಸುತ್ತದೆ. ಜೊತೆಗೆ, ಸಣ್ಣ ಪರದೆಯಲ್ಲಿ ಉದ್ದನೆಯ ಸಾಲುಗಳು ಮುರಿದು ಮುಂದಿನ ಸಾಲಿಗೆ ಹರಿಯುತ್ತವೆ. 'ಈಸ್ಟರ್ ವಿಂಗ್ಸ್' ಕವಿತೆಯನ್ನು ಮೊಬೈಲಿನಲ್ಲಿ ತೆರೆದಾಗ ಮೊದಲು ಮುರಿಯುವುದು ರೆಕ್ಕೆಗಳ ಅಗಲವಾದ ತುದಿಗಳೇ. ಇವೆರಡನ್ನೂ ತಡೆಯಲು ಕೆಳಗಿನ ಕ್ರಮ ನೆರವಾಗುತ್ತದೆ.

```
<div style="white-space: pre; text-align: center">
```

ಕನ್ನಡ ಅಕ್ಷರಗಳ ಅಗಲ ಒಂದೇ ಸಮನಾಗಿರುವುದಿಲ್ಲ. ಆದುದರಿಂದ ಖಾಲಿ ಜಾಗಗಳನ್ನು ಎಣಿಸಿ ಜೋಡಿಸಿದ ಆಕೃತಿಯು ಅಕ್ಷರವಿನ್ಯಾಸ ಬದಲಾದೊಡನೆ ಓರೆಯಾಗುತ್ತದೆ. ಸಾಲುಗಳನ್ನು ನಡುವಿಗೆ ಹೊಂದಿಸುವುದು ಹೆಚ್ಚು ಸುರಕ್ಷಿತ. ಕವಿತೆಯನ್ನು ಚಿತ್ರವಾಗಿ ಉಳಿಸಿಕೊಂಡರೆ ರೂಪವು ಸ್ಥಿರವಾಗಿರುತ್ತದೆ, ಆದರೆ ಅದರೊಳಗಿನ ಪದಗಳನ್ನು ಹುಡುಕಲಾಗದು, ದೃಷ್ಟಿಹೀನರಿಗಾಗಿ ಓದಿ ಹೇಳುವ ತಂತ್ರಾಂಶಕ್ಕೂ ಅವು ಸಿಗುವುದಿಲ್ಲ. ಆ ಕಾರಣ ಚಿತ್ರದ ಜೊತೆಗೆ ಪಠ್ಯವನ್ನೂ, ಸಾಲುಗಳ ವಿನ್ಯಾಸವನ್ನು ತಿಳಿಸುವ ಒಂದೆರಡು ವಾಕ್ಯಗಳನ್ನೂ ಕೊಡುವುದು ಸೂಕ್ತ.

## ಅನುವಾದ

ಗೊಮ್ರಿಂಗರ್ ಅವರ ಮೌನದ ಕವಿತೆಯನ್ನು ಒಂದು ಪದವನ್ನು ಬದಲಿಸಿ ಬೇರೆ ಭಾಷೆಗೆ ತರಬಹುದು. ಅವರೇ ಅದರ ಸ್ಪ್ಯಾನಿಷ್ ರೂಪವನ್ನು ಕೊಟ್ಟಿದ್ದಾರೆ. ಹರ್ಬರ್ಟನ ರೆಕ್ಕೆಗಳು ಅಷ್ಟು ಸುಲಭವಾಗಿ ಬರಲಾರವು. ಅಲ್ಲಿನ ಸೊಂಟದ ಸಾಲುಗಳು ಇಂಗ್ಲಿಷಿನ ಒಂದೇ ಉಚ್ಚಾರಾಂಶದ ಪುಟ್ಟ ಪದಗಳನ್ನು ನೆಚ್ಚಿಕೊಂಡಿವೆ. ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವ ಕನ್ನಡದಲ್ಲಿ 'ನಿನ್ನೊಡನೆ' ಎನ್ನಲು ನಾಲ್ಕು ಅಕ್ಷರಗಳು ಬೇಕು. ಬಡತನದ ಸಾಲಿಗೆ ಮಾತ್ರ 'ದೀನ' ಎಂಬ ಎರಡಕ್ಷರದ ಪದ ಒದಗುತ್ತದೆ. ಕ್ರಿಯಾಪದವು ವಾಕ್ಯದ ಕೊನೆಯಲ್ಲಿ ಬರುವುದರಿಂದ ಯಾವ ಮಾತು ಯಾವ ಅಗಲದ ಸಾಲಿಗೆ ಬೀಳಬೇಕೆಂಬ ಲೆಕ್ಕವೂ ಬದಲಾಗುತ್ತದೆ. ಅನುವಾದಕನು ಅಕ್ಷರಗಳ ಸಂಖ್ಯೆಯನ್ನು ಸಡಿಲಿಸಿದರೂ, ಮನುಷ್ಯ ಅತ್ಯಂತ ಬಡವನಾದ ಕ್ಷಣ ಅತ್ಯಂತ ಕಿರಿದಾದ ಸಾಲಿನಲ್ಲಿಯೇ ಬರುವಂತೆ ನೋಡಿಕೊಳ್ಳಬೇಕಾಗುತ್ತದೆ.