ಬ್ರಾಡ್‌ಫರ್ಡ್ ಅಂಕ

ಬ್ರಾಡ್‌ಫರ್ಡ್ ಅಂಕವು ರಜೆಯ ದಾಖಲೆಗಳಿಂದ ನೌಕರರ ಗೈರುಹಾಜರಿಯ ಸ್ವರೂಪವನ್ನು ಅಳೆಯುವ ಒಂದು ಸೂತ್ರ. ಇದು ಬ್ರಿಟನ್ನಿನಲ್ಲಿ ಬಳಕೆಯಲ್ಲಿದೆ. ಒಂದು ದೀರ್ಘ ರಜೆಗಿಂತ ಪದೇ ಪದೇ ಹಾಕುವ ಬಿಡಿ ರಜೆಗಳು ಕೆಲಸಕ್ಕೆ ಹೆಚ್ಚು ಅಡ್ಡಿಯಾಗುತ್ತವೆ ಎಂಬ ಗ್ರಹಿಕೆಯೇ ಇದರ ಆಧಾರ.

ಲೆಕ್ಕಾಚಾರ

B = S × S × D

ಇಲ್ಲಿ S ಎಂಬುದು 52 ವಾರಗಳಲ್ಲಿ ನೌಕರನು ಗೈರಾದ ಸಲಗಳ ಸಂಖ್ಯೆ. D ಎಂಬುದು ಒಟ್ಟು ಗೈರಾದ ದಿನಗಳು. ಎಡೆಬಿಡದ ರಜೆಯನ್ನು ಒಂದೇ ಸಲವೆಂದು ಎಣಿಸಲಾಗುತ್ತದೆ. ಶಸ್ತ್ರಚಿಕಿತ್ಸೆಗಾಗಿ ಒಮ್ಮೆಗೇ 10 ದಿನ ಗೈರಾದವರ ಅಂಕ 10. ಅದೇ 10 ದಿನಗಳನ್ನು ಒಂದೊಂದಾಗಿ ಹತ್ತು ಸಲ ಕಳೆದವರ ಅಂಕ 1000.

ಮಿತಿಗಳು

ಈ ಅಂಕವು ಗೈರಿನ ಆವರ್ತನೆಯನ್ನು ತಿಳಿಸುತ್ತದೆಯೇ ಹೊರತು ಕಾರಣವನ್ನಲ್ಲ. 1000 ಅಂಕ ಪಡೆದವರು ಮೈಗಳ್ಳರಾಗಿರಬಹುದು. ಅರೆತಲೆನೋವಿನಿಂದ ಬಳಲುವವರೂ ಆಗಿರಬಹುದು. ಇದಲ್ಲದೆ ಸೂತ್ರವು ಕರ್ತವ್ಯನಿಷ್ಠರಿಗೂ ಪ್ರತಿಕೂಲವಾಗಬಲ್ಲದು. ಜ್ವರ ಬಂದು 6 ದಿನ ಸತತವಾಗಿ ವಿಶ್ರಾಂತಿ ಪಡೆದವರ ಅಂಕ 6. ಮೂರು ದಿನಕ್ಕೇ ಕೆಲಸಕ್ಕೆ ಮರಳಿ, ಜ್ವರ ಮರುಕಳಿಸಿ ಮತ್ತೆ ಮೂರು ದಿನ ಮಲಗಿದವರ ಅಂಕ 24.

ವಿವೇಚನೆಯ ಬಳಕೆ

ಆದ್ದರಿಂದ ಹೆಚ್ಚಿನ ಅಂಕವನ್ನು ಅಪರಾಧದ ಸಾಕ್ಷ್ಯವೆಂದಲ್ಲದೆ, ವಿಚಾರಿಸಬೇಕಾದ ಸೂಚನೆಯೆಂದು ಪರಿಗಣಿಸುವುದು ಉಚಿತ. ಹೆರಿಗೆ ರಜೆ ಹಾಗೂ ಪೂರ್ವನಿಗದಿತ ಚಿಕಿತ್ಸೆಯ ದಿನಗಳನ್ನು ಮೊದಲೇ ಲೆಕ್ಕದಿಂದ ಹೊರಗಿಡಬಹುದು. ಬಳಿಕ ಮೇಲ್ವಿಚಾರಕರು ನೌಕರರೊಡನೆ ಏಕಾಂತದಲ್ಲಿ ಮಾತನಾಡಿ ಕಾರಣವನ್ನು ತಿಳಿಯಬೇಕು. ಡಯಾಲಿಸಿಸ್‌ನಂತಹ ಕಾರಣವಿದ್ದರೆ ಎಚ್ಚರಿಕೆಯ ಪತ್ರವಲ್ಲ, ಪಾಳಿಯ ಬದಲಾವಣೆಯೇ ತಕ್ಕ ಪರಿಹಾರ. ಅಂಗವೈಕಲ್ಯವುಳ್ಳ ನೌಕರರಿಗೆ ಇಂತಹ ಸಮಂಜಸ ಹೊಂದಾಣಿಕೆಗಳನ್ನು ಮಾಡಿಕೊಡುವುದು ಬ್ರಿಟನ್ನಿನ 2010ರ ಸಮಾನತಾ ಕಾಯಿದೆಯಂತೆ ಉದ್ಯೋಗದಾತರ ಕರ್ತವ್ಯವಾಗಿದೆ.